ಮೈಕ್ರೋವೇವ್ ಬಿಸಿ ಮಾಡುವುದು ಅನುರಣನದಿಂದಲ್ಲ, ತಡದಿಂದ

ಪ್ರಶ್ನೆ: ಮೈಕ್ರೋವೇವ್ ಓವನ್ 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದು ಅದು ನೀರಿನ ಅಣುವಿನ ಸ್ವಂತ ಆವರ್ತನ ಆಗಿರೋದರಿಂದ ಅಂತ ಓದಿದ್ದೇನೆ. ಹಾಗಾದರೆ ಐಸ್ ಕೂಡ ನೀರೇ ಅಲ್ವಾ? ಫ್ರೀಜರ್‌ನಿಂದ ತೆಗೆದದ್ದನ್ನು ಇಟ್ಟರೆ ಅಂಚು ಕುದಿಯುತ್ತೆ, ನಡುವೆ ಕಲ್ಲಿನ ಹಾಗೇ ಇರುತ್ತೆ. ಯಾಕೆ?

ಉತ್ತರ: ನೀವು ಓದಿದ್ದು ತಪ್ಪು. ಆದರೆ ಬೇಜಾರು ಮಾಡಿಕೊಳ್ಳಬೇಡಿ, ನಾನೂ ಕಾಲೇಜಿನಲ್ಲಿ ಹಾಗೇ ಕಲಿತೆ, ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕವನ್ನೂ ತೆಗೆದುಕೊಂಡೆ. ಹೊರಗಿನ ತಾಳ ಸ್ವಂತ ಆವರ್ತನಕ್ಕೆ ಕೂಡಿಬಂದಾಗ ಕುಣಿತ ಜೋರಾಗುವುದಕ್ಕೆ ಅನುರಣನ ಅನ್ನುತ್ತಾರೆ; ದ್ರವ ನೀರಿಗೆ 2.45 ಗಿಗಾಹರ್ಟ್ಸ್‌ನಲ್ಲಿ ಅಂಥದ್ದು ಯಾವುದೂ ಇಲ್ಲ. ಆವಿಯಾಗಿ ಗಾಳಿಯಲ್ಲಿ ಒಂಟಿಯಾಗಿ ಹಾರುವ ನೀರಿನ ಅಣುವಿಗೆ ತನ್ನದೇ ಆದ ತಿರುಗುವ ಆವರ್ತನಗಳಿವೆ, ಅವುಗಳಲ್ಲಿ ಹೆಸರಾದದ್ದು 22.2 ಗಿಗಾಹರ್ಟ್ಸ್ ಹತ್ತಿರದ್ದು, ನಮ್ಮ ಓವನ್ನಿಗಿಂತ ಒಂಬತ್ತು ಪಟ್ಟು ಮೇಲೆ. ಆದರೆ ಲೋಟದಲ್ಲಿರುವ ನೀರಿನಲ್ಲಿ ಪ್ರತಿ ಅಣುವನ್ನೂ ಮೂರ್ನಾಲ್ಕು ನೆರೆಯವರು ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತಾರೆ. ಸಂತೆಯ ನೂಕುನುಗ್ಗಲಿನಲ್ಲಿ ಯಾರಾದರೂ ಗಿರಗಿರ ತಿರುಗೋಕಾಗುತ್ತದೆಯೇ? ಹಾಗಾಗಿ ಅಲ್ಲಿ ಚೂಪಾದ ಅನುರಣನಕ್ಕೆ ಜಾಗವೇ ಇಲ್ಲ.

ಹಾಗಾದರೆ ಬಿಸಿ ಎಲ್ಲಿಂದ ಬರುತ್ತದೆ? ಒಂದೇ ಮಾತಿನಲ್ಲಿ ಹೇಳುವುದಾದರೆ, ತಡದಿಂದ. ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸುತ್ತದೆ, ನೀರು ಅದರ ಹಿಂದೆ ಹೋಗುತ್ತದೆ, ಆದರೆ ಸ್ವಲ್ಪ ತಡವಾಗಿ. ಆ ತಡದಿಂದ ಕ್ಷೇತ್ರದ ಶಕ್ತಿ ಬಿಸಿಯಾಗಿ ಹೋಗುವುದಕ್ಕೇ ಡೈಎಲೆಕ್ಟ್ರಿಕ್ ಲಾಸ್ ಎಂದು ಹೆಸರು. ನಿಮ್ಮ ಐಸಿನ ಸಮಸ್ಯೆಗೂ ಉತ್ತರ ಅಲ್ಲೇ ಇದೆ.

ನೀರಿನ ಅಣುವಿನ ಒಂದು ಬದಿ ಸ್ವಲ್ಪ ಋಣ, ಹೈಡ್ರೋಜನ್ ಇರುವ ಬದಿ ಸ್ವಲ್ಪ ಧನ. ಹಾಗಾಗಿ ವಿದ್ಯುತ್ ಕ್ಷೇತ್ರ ಬಂದರೆ ಅದನ್ನು ತನ್ನ ದಿಕ್ಕಿಗೆ ತಿರುಗಿಸಲು ನೋಡುತ್ತದೆ. ಓವನ್ನಿನ ಮ್ಯಾಗ್ನೆಟ್ರಾನ್ ಹುಟ್ಟಿಸುವ ಕ್ಷೇತ್ರ ಸೆಕೆಂಡಿಗೆ 245 ಕೋಟಿ ಸುತ್ತು ಹಾಕುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 400 ಪಿಕೋಸೆಕೆಂಡ್. (ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.) ಇಲ್ಲಿಯವರೆಗೆ ಎಲ್ಲರೂ ಹೇಳುವ ಕಥೆಯೇ. ಮುಂದಿನ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: ಅಣುಗಳು ಸೆಕೆಂಡಿಗೆ 245 ಕೋಟಿ ಸಲ ಪಲ್ಟಿ ಹೊಡೆದು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ. ಈ ಚಿತ್ರವೇ ದಾರಿ ತಪ್ಪಿಸುವುದು.

ಯಾಕೆ ಅಂದರೆ ನೀರಿನ ಅಣು ಮೊದಲೇ ಸುಮ್ನೆ ಕೂತಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 8 ಪಿಕೋಸೆಕೆಂಡಿಗೊಮ್ಮೆ ಒಂದು ಬಂಧ ಬಿಟ್ಟು ಇನ್ನೊಂದು ಹಿಡಿದು ತಾನಾಗಿಯೇ ದಿಕ್ಕು ಬದಲಿಸುತ್ತಿರುತ್ತದೆ, ಓವನ್ ಇರಲಿ ಇಲ್ಲದಿರಲಿ. ಕ್ಷೇತ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಅಣು ಐವತ್ತು ಸಲ ಮಗ್ಗುಲು ಬದಲಿಸಿರುತ್ತದೆ. ಕ್ಷೇತ್ರದ ಕೈವಾಡ ಎಷ್ಟು ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ಕಾಲು ಲೀಟರ್ ನೀರಿಗೆ 800 ವಾಟ್ ಹೋಗುತ್ತಿದೆ ಅಂದುಕೊಳ್ಳಿ. ಅದಕ್ಕೆ ನೀರಿನೊಳಗೆ ಬೇಕಾದ ಕ್ಷೇತ್ರ ಒಂದು ಸೆಂಟಿಮೀಟರಿಗೆ ಬರೀ 15 ವೋಲ್ಟ್ ಆಸುಪಾಸು. ಅಷ್ಟು ಸಣ್ಣ ಕ್ಷೇತ್ರ ಒಂದು ಅಣುವಿನ ಮೇಲೆ ಬೀರುವ ಪ್ರಭಾವ ಅದರ ಸ್ವಂತ ಉಷ್ಣದ ಗಡಿಬಿಡಿಯ ಮುಂದೆ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಅಣುಗಳು ಸಿಪಾಯಿಗಳ ಹಾಗೆ ಒಟ್ಟಿಗೆ ತಿರುಗುವುದಿಲ್ಲ. ಎಲ್ಲವೂ ತಮ್ಮ ಪಾಡಿಗೆ ಕುಣಿಯುತ್ತಿರುತ್ತವೆ, ಆ ಕುಣಿತದಲ್ಲಿ ಒಂದು ಕಡೆಗೆ ಕೂದಲೆಳೆಯಷ್ಟು ವಾಲು ಇರುತ್ತದೆ, ಕ್ಷೇತ್ರದ ಜೊತೆ ಆ ವಾಲು ಆಚೀಚೆ ಆಗುತ್ತದೆ. ಅಷ್ಟೇ. ಆದರೆ ಒಂದು ಲೋಟದಲ್ಲಿ ಅಣುಗಳ ಸಂಖ್ಯೆ ಎಷ್ಟು ದೊಡ್ಡದು ಅಂದರೆ ಆ ಕೂದಲೆಳೆಯೇ ಸಾಕಾಗುತ್ತದೆ.

ಈಗ ತಡದ ವಿಷಯ. ನಿಮ್ಮ ಕೈಯಲ್ಲಿ ಒಂದು ಸ್ಪ್ರಿಂಗ್ ಇದೆ ಅಂದುಕೊಳ್ಳಿ. ಒತ್ತಿದರೆ ನಿಮ್ಮ ಶಕ್ತಿ ಅದಕ್ಕೆ ಹೋಗುತ್ತದೆ, ಬಿಟ್ಟರೆ ಅದು ನಿಮ್ಮ ಕೈಯನ್ನು ತಳ್ಳಿ ಪೂರ್ತಿ ವಾಪಸ್ ಕೊಡುತ್ತದೆ. ಸಾವಿರ ಸಲ ಒತ್ತಿ ಬಿಟ್ಟರೂ ಸ್ಪ್ರಿಂಗ್ ಬಿಸಿಯಾಗುವುದಿಲ್ಲ, ಸಾಲ ತೀರುತ್ತಲೇ ಇರುತ್ತದೆ. ಅದೇ ಸ್ಪ್ರಿಂಗನ್ನು ಜೇನುತುಪ್ಪದಲ್ಲಿ ಮುಳುಗಿಸಿ ಒತ್ತಿ ನೋಡಿ. ಈಗ ಅದು ನಿಮ್ಮ ಕೈಯ ಹಿಂದೆ ಸ್ವಲ್ಪ ತಡವಾಗಿ ಬರುತ್ತದೆ. ನೀವು ಕೈ ಹಿಂದಕ್ಕೆ ತೆಗೆಯುವಾಗ ಅದು ಪೂರ್ತಿ ತಳ್ಳುವುದಿಲ್ಲ. ಕೊಟ್ಟದ್ದರಲ್ಲಿ ಒಂದು ಭಾಗ ವಾಪಸ್ ಬರಲಿಲ್ಲ, ಜೇನನ್ನು ಕದಡಿ ಬಿಸಿ ಮಾಡಿತು.

ನೀರಿನಲ್ಲಿ ಆಗುವುದೂ ಇದೇ. ಕ್ಷೇತ್ರದ ಜೊತೆ ವಾಲು ಕರಾರುವಾಕ್ಕಾಗಿ ಹೊಂದಿಕೊಂಡು ಹೋದರೆ ಪಡೆದ ಶಕ್ತಿಯನ್ನೆಲ್ಲ ಪ್ರತಿ ಸುತ್ತಿನಲ್ಲೂ ವಾಪಸ್ ಕೊಟ್ಟುಬಿಡುತ್ತದೆ, ಬಿಸಿ ಸೊನ್ನೆ. ತಡವಾದರೆ ಮಾತ್ರ ಉಳಿಕೆ. ಆ ಉಳಿಕೆ ನೆರೆಯ ಅಣುಗಳ ನೂಕಾಟದಲ್ಲಿ ಕ್ಷಣದಲ್ಲೇ ಹಂಚಿಹೋಗುತ್ತದೆ, ಥರ್ಮಾಮೀಟರ್‌ನಲ್ಲಿ ಕಾಣುವುದು ಅದೇ. 25 ಡಿಗ್ರಿಯ ನೀರಿನಲ್ಲಿ 2.45 ಗಿಗಾಹರ್ಟ್ಸ್‌ಗೆ ಈ ತಡ ಎಷ್ಟು ಗೊತ್ತಾ? ಒಂದು ಸುತ್ತನ್ನು 360 ಡಿಗ್ರಿ ಕೋನ ಅಂತ ತೆಗೆದುಕೊಂಡರೆ ಸುಮಾರು 7 ಡಿಗ್ರಿ. ಇಡೀ ಯಂತ್ರ ನಡೆಯುವುದು ಆ ಏಳು ಡಿಗ್ರಿಯ ಸೋಮಾರಿತನದ ಮೇಲೆ.

ಇಂಜಿನಿಯರುಗಳು ಇದನ್ನು ಎರಡು ಸಂಖ್ಯೆಗಳಲ್ಲಿ ಬರೆಯುತ್ತಾರೆ. ε′ ಅಂದರೆ ವಾಪಸ್ ಕೊಡುವ ಭಾಗ, ಸ್ಪ್ರಿಂಗ್. ε″ ಅಂದರೆ ಕೊಡದೆ ನುಂಗುವ ಭಾಗ, ಜೇನು. ಕೋಣೆಯ ತಾಪದ ನೀರಿಗೆ ಈ ಆವರ್ತನದಲ್ಲಿ ಮೊದಲನೆಯದು ಸುಮಾರು 77, ಎರಡನೆಯದು ಸುಮಾರು 10. ಒಂದು ಘನ ಮೀಟರಿನಲ್ಲಿ ಎಷ್ಟು ವಾಟ್ ಬಿಸಿ ಹುಟ್ಟುತ್ತದೆ ಅನ್ನುವ ಸೂತ್ರ ಇದು:

```
P = 2π f ε₀ ε″ E²
```

E ಅಂದರೆ ಆಹಾರದ ಒಳಗಿನ ಕ್ಷೇತ್ರ, f ಆವರ್ತನ, ε₀ ಒಂದು ಸ್ಥಿರಾಂಕ. ε′ ಇಲ್ಲಿ ನೇರವಾಗಿ ಕಾಣುವುದೇ ಇಲ್ಲ ಗಮನಿಸಿ. ಮೇಲೆ ಹೇಳಿದ 15 ವೋಲ್ಟನ್ನು ನಾನು ತೆಗೆದದ್ದು ಈ ಸೂತ್ರದಿಂದಲೇ.

ತಡ ಹೆಚ್ಚಾದಷ್ಟೂ ಬಿಸಿ ಜಾಸ್ತಿ ಅನ್ನೋದಾದರೆ, ತಡ ಅತಿ ಹೆಚ್ಚು ಇರುವ ಆವರ್ತನವನ್ನೇ ಯಾಕೆ ಆರಿಸಲಿಲ್ಲ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ವಿಜ್ಞಾನಿ ಪೀಟರ್ ಡಿಬೈ ಕಳೆದ ಶತಮಾನದ ಮೊದಲ ದಶಕಗಳಲ್ಲೇ ಇದರ ಲೆಕ್ಕ ಮಾಡಿಟ್ಟಿದ್ದರು. ಅದರ ಪ್ರಕಾರ ನುಂಗುವಿಕೆ ಶಿಖರ ಮುಟ್ಟುವುದು ತಡ 45 ಡಿಗ್ರಿ ಆದಾಗ, ಮತ್ತು 25 ಡಿಗ್ರಿಯ ನೀರಿಗೆ ಅದು ಸಿಗುವುದು 19 ಗಿಗಾಹರ್ಟ್ಸ್ ಹತ್ತಿರ. ಅದೂ ಚೂಪಾದ ಶಿಖರವಲ್ಲ, ಎರಡೂ ಕಡೆ ನಿಧಾನವಾಗಿ ಇಳಿಯುವ ಅಗಲವಾದ ಗುಡ್ಡ. ನಮ್ಮ ಓವನ್ ನಿಂತಿರುವುದು ಆ ಗುಡ್ಡದ ಬುಡದಲ್ಲಿ.

ಬುಡದಲ್ಲಿ ನಿಂತದ್ದೇ ನಮ್ಮ ಪುಣ್ಯ. 19 ಗಿಗಾಹರ್ಟ್ಸ್‌ನಲ್ಲಿ ನೀರು ಎಷ್ಟು ಆಸೆಬುರುಕ ಅಂದರೆ ಅಲೆ ಅರ್ಧ ಮಿಲಿಮೀಟರ್ ಒಳಗೆ ಹೋಗುವಷ್ಟರಲ್ಲಿ ಅದರ ಬಹುಪಾಲು ಮುಗಿದಿರುತ್ತದೆ. ಆಹಾರದ ಚರ್ಮ ಮಾತ್ರ ಬೇಯುತ್ತದೆ, ಒಳಗಿನದ್ದಕ್ಕೆ ಗ್ರಿಲ್‌ನಲ್ಲಿ ಆಗುವ ಹಾಗೆ ಹೊರಗಿನ ಬಿಸಿ ನಿಧಾನವಾಗಿ ಇಳಿಯುವುದನ್ನೇ ಕಾಯಬೇಕು. 2.45ರಲ್ಲಿ ಅದೇ ನೀರಿನಲ್ಲಿ ಅಲೆ ಸುಮಾರು 1.7 ಸೆಂಟಿಮೀಟರ್ ಹೋದ ಮೇಲೂ ಶೇಕಡಾ 37ರಷ್ಟು ಉಳಿದಿರುತ್ತದೆ. ನುಂಗುವುದು ಕಡಿಮೆ, ಹಾಗಾಗಿ ಆಳಕ್ಕೆ ಇಳಿಯುತ್ತದೆ. ಒಳಗಿನಿಂದ ಹೊರಗೆ ಬೇಯುತ್ತದೆ ಅನ್ನುವ ಮಾತು ಸುಳ್ಳು, ಆದರೆ ಮೇಲಿನ ಒಂದೆರಡು ಸೆಂಟಿಮೀಟರ್ ಒಟ್ಟಿಗೇ ಬಿಸಿಯಾಗುತ್ತದೆ ಅನ್ನೋದು ನಿಜ. ವೇಗದ ಗುಟ್ಟು ಅಷ್ಟೇ.

ಇನ್ನೂ ಕೆಳಗೆ ಹೋದರೆ ಇನ್ನೂ ಆಳ. ಕೆಲವು ದೇಶಗಳಲ್ಲಿ ಕಾರ್ಖಾನೆಗಳು 915 ಮೆಗಾಹರ್ಟ್ಸ್ ಬಳಸುತ್ತವೆ, ಅಲ್ಲಿ ಶುದ್ಧ ನೀರಿಗೆ ಅದೇ ಲೆಕ್ಕ ಸುಮಾರು 12 ಸೆಂಟಿಮೀಟರ್ ಬರುತ್ತದೆ. ಆದರೆ ಅಲೆಯ ಉದ್ದ 33 ಸೆಂಟಿಮೀಟರ್ ಆಗುವುದರಿಂದ ಮನೆಯ ಪೆಟ್ಟಿಗೆಯ ಗಾತ್ರಕ್ಕೆ ಅದು ಸರಿಹೊಂದುವುದಿಲ್ಲ. 2.45ರ ಅಲೆ 12.2 ಸೆಂಟಿಮೀಟರ್, ಅದು ಪೆಟ್ಟಿಗೆಯೊಳಗೆ ಎರಡು ಮೂರು ಸಲ ಆರಾಮವಾಗಿ ಹಿಡಿಯುತ್ತದೆ. ಮತ್ತೆ ಇದೇ ಸಂಖ್ಯೆ ಯಾಕೆ ಅಂದರೆ ಅದಕ್ಕೆ ಕಾರಣ ನೀರಲ್ಲ, ಕಾಗದಪತ್ರ. ರೇಡಿಯೋ ಆವರ್ತನಗಳನ್ನು ದೇಶದೇಶಗಳ ನಡುವೆ ಹಂಚುವಾಗ ಸಂಪರ್ಕಕ್ಕಲ್ಲದ ಕೆಲಸಗಳಿಗೆ ಅಂತ ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟರು, 2.4ರಿಂದ 2.5 ಅದರಲ್ಲೊಂದು. ವೈಫೈ ಕೂಡ ಅದೇ ಜಾಗದಲ್ಲಿ ಬಂದು ಕೂತಿದ್ದು ಅದಕ್ಕೇ. ನಾಳೆ ಯಾರಾದರೂ 2.1 ಅಥವಾ 3 ಗಿಗಾಹರ್ಟ್ಸ್ ಕೊಟ್ಟರೂ ನಿಮ್ಮ ಆಲೂಗಡ್ಡೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನು ನಿಮ್ಮ ಐಸ್‌ಗೆ ಬರೋಣ.

ಜೇನಿನ ಸ್ಪ್ರಿಂಗ್ ನೆನಪಿಟ್ಟುಕೊಳ್ಳಿ. ಜೇನು ತೆಳ್ಳಗಾದರೆ ತಡ ಕಡಿಮೆ, ನುಂಗುವುದೂ ಕಡಿಮೆ. ಗಟ್ಟಿಯಾದರೆ ತಡ ಜಾಸ್ತಿ, ನುಂಗುವುದೂ ಜಾಸ್ತಿ. ಆದರೆ ಜೇನು ಕಲ್ಲಾಗಿಬಿಟ್ಟರೆ? ನೀವು ಎಷ್ಟು ಒತ್ತಿದರೂ ಸ್ಪ್ರಿಂಗ್ ಅಲುಗುವುದೇ ಇಲ್ಲ. ಅಲುಗದಿದ್ದರೆ ಕೆಲಸವೂ ಇಲ್ಲ, ಬಿಸಿಯೂ ಇಲ್ಲ. ಐಸ್ ಅಂದರೆ ಅದೇ ಸ್ಥಿತಿ. ಅಲ್ಲಿ ಅಣು ಹರಳಿನ ಜಾಲದಲ್ಲಿ ನಾಲ್ಕೂ ಕಡೆಯಿಂದ ಬಿಗಿಯಾಗಿದೆ, ದಿಕ್ಕು ಬದಲಿಸಬೇಕಾದರೆ ಜಾಲದಲ್ಲಿ ಎಲ್ಲಾದರೂ ಒಂದು ದೋಷ ತನ್ನ ಹತ್ತಿರ ಬರುವವರೆಗೆ ಕಾಯಬೇಕು. ನೀರಿನಲ್ಲಿ ಪಿಕೋಸೆಕೆಂಡುಗಳಲ್ಲಿ ಆಗುವ ಕೆಲಸಕ್ಕೆ ಅಲ್ಲಿ ಮೈಕ್ರೋಸೆಕೆಂಡುಗಳೇ ಬೇಕು, ಅಂದರೆ ಹತ್ತಾರು ಲಕ್ಷ ಪಟ್ಟು ನಿಧಾನ. 400 ಪಿಕೋಸೆಕೆಂಡಿನಲ್ಲಿ ತಿರುಗಿ ಹೋಗುವ ಕ್ಷೇತ್ರ ಅದರ ಗಮನಕ್ಕೇ ಬರುವುದಿಲ್ಲ. ಶುದ್ಧ ಐಸಿನ ε″ ಸುಮಾರು 0.003. ಅದೇ ಸೊನ್ನೆ ಡಿಗ್ರಿಯಲ್ಲಿ ಆಗತಾನೇ ಕರಗಿದ ನೀರಿಗೆ ಸುಮಾರು 20.

ಈ ಎರಡು ಸಂಖ್ಯೆಗಳ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಿ. ಒಂದೇ ವಸ್ತು, ಒಂದೇ ತಾಪ, ನುಂಗುವ ಶಕ್ತಿಯಲ್ಲಿ ಆರು ಏಳು ಸಾವಿರ ಪಟ್ಟು ವ್ಯತ್ಯಾಸ. ಶುದ್ಧ ಐಸಿನಲ್ಲಿ ಈ ಅಲೆ ಶೇಕಡಾ 37ಕ್ಕೆ ಇಳಿಯಬೇಕಾದರೆ ಹತ್ತು ಮೀಟರಿಗಿಂತ ಜಾಸ್ತಿ ದೂರ ಹೋಗಬೇಕು. ನಿಮ್ಮ ಐಸ್ ಗಡ್ಡೆ ಮೈಕ್ರೋವೇವ್ ಕಣ್ಣಿಗೆ ಬಹುಮಟ್ಟಿಗೆ ಗಾಜು.

ಈಗ ಗಟ್ಟಿಯಾದ ಸೂಪಿನ ಒಂದು ಗಡ್ಡೆಯನ್ನು ಒಳಗಿಟ್ಟಿದ್ದೀರಿ ಅಂದುಕೊಳ್ಳಿ. ಅದು ಶುದ್ಧ ಐಸ್ ಅಲ್ಲ. ಉಪ್ಪು, ಸಕ್ಕರೆ ಕರಗಿರುವುದರಿಂದ ಮೈನಸ್ 18ರಲ್ಲೂ ಹರಳುಗಳ ಸಂದಿಯಲ್ಲಿ ಸ್ವಲ್ಪ ಗಟ್ಟಿಯಾಗದ ನೀರು ಉಳಿದಿರುತ್ತದೆ, ಬಿಸಿ ಶುರುವಾಗುವುದು ಅದರಿಂದ. ಅಂಚಿಗೋ ಮೂಲೆಗೋ ಅಲೆ ಎರಡು ಮೂರು ಕಡೆಯಿಂದ ಬೀಳುತ್ತದೆ, ಹಾಗಾಗಿ ಮೊದಲು ಅಲ್ಲೊಂದು ಚೂರು ಕರಗುತ್ತದೆ. ಕರಗಿದ ಆ ಕ್ಷಣದಿಂದ ಅದು ಪಕ್ಕದ ಐಸಿಗಿಂತ ಸಾವಿರಾರು ಪಟ್ಟು ಹೊಟ್ಟೆಬಾಕ. ಬಂದ ಶಕ್ತಿಯನ್ನೆಲ್ಲ ಅದೇ ಬಾಚಿಕೊಳ್ಳುತ್ತದೆ. ಒಂದು ಗ್ರಾಂ ಐಸ್ ಕರಗಲು 334 ಜೂಲ್ ಬೇಕು, ಕರಗಿದ ನೀರು ಸೊನ್ನೆಯಿಂದ ಕುದಿಯುವ ತನಕ ಹೋಗಲು 420 ಜೂಲ್ ಹತ್ತಿರ ಬೇಕು. ಅಂದರೆ ಅಂಚಿನ ಒಂದು ಗ್ರಾಂ ಕುದಿಯಲು ತಿಂದ ಶಕ್ತಿಯಲ್ಲಿ ಪಕ್ಕದ ಒಂದು ಗ್ರಾಂ ಪೂರ್ತಿ ಕರಗಿಬಿಡುತ್ತಿತ್ತು, ಆದರೆ ಪಕ್ಕದ್ದಕ್ಕೆ ಸಿಗುವುದು ಬರೀ ಸೋರಿ ಬಂದ ಬಿಸಿ, ಅದೂ ನಿಧಾನಕ್ಕೆ. ಉಳ್ಳವನಿಗೇ ಮತ್ತೆ ಮತ್ತೆ ಬಡಿಸುವ ಊಟ ಇದು.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಒಂದು ಗಾಜಿನ ಲೋಟದಲ್ಲಿ ಕಾಲು ಲೀಟರ್ ಕೋಣೆಯ ತಾಪದ ನೀರು, ಇನ್ನೊಂದು ಒಣ ಬಟ್ಟಲಿನಲ್ಲಿ ಫ್ರೀಜರ್‌ನಿಂದ ಆಗಷ್ಟೇ ತೆಗೆದ 100 ಗ್ರಾಂ ಐಸ್ ತುಂಡುಗಳು. ತುಂಡುಗಳ ಮೈ ಒಣಗಿರಲೇಬೇಕು, ಒದ್ದೆ ಇದ್ದರೆ ಆಟ ಕೆಡುತ್ತದೆ. ಎರಡನ್ನೂ ಒಟ್ಟಿಗೇ ಇಡಿ. ಐಸ್ ಒಂದನ್ನೇ ಇಡಬೇಡಿ, ನುಂಗುವವರು ಯಾರೂ ಇಲ್ಲದಿದ್ದರೆ ಅಲೆಗಳು ಮ್ಯಾಗ್ನೆಟ್ರಾನ್ ಕಡೆಗೇ ವಾಪಸ್ ಹೋಗಿ ಅದಕ್ಕೆ ಪೆಟ್ಟು. 800 ವಾಟಿನಲ್ಲಿ ಒಂದು ನಿಮಿಷ ನಡೆಸಿದರೆ ಒಟ್ಟು 48 ಕಿಲೋಜೂಲ್. ಇದರಲ್ಲಿ ಅರ್ಧ ಪಾಲು ಐಸಿಗೆ ಸಿಕ್ಕಿದ್ದರೂ ಮೊದಲು ಸೊನ್ನೆಗೆ ಬಂದು, ಆಮೇಲೆ 60 ಗ್ರಾಂ ಕರಗಬೇಕಿತ್ತು. ಬಾಗಿಲು ತೆಗೆದರೆ ನೀರು ಕೈಯಿಡಲಾಗದಷ್ಟು ಬಿಸಿಯಾಗಿರುತ್ತದೆ, ಐಸ್ ಮೇಲ್ಮೈ ಒದ್ದೆಯಾಗಿ ಬಹುಪಾಲು ಹಾಗೇ ಕೂತಿರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ನನಗೆ ಇದು ಬಹಳ ತಡವಾಗಿ ಹೊಳೆಯಿತು. ನೀರು ಬಿಸಿಯಾದಷ್ಟೂ ಅಣುಗಳು ಚುರುಕಾಗಿ ತಡ ಕಡಿಮೆಯಾಗುತ್ತದೆ: ಸೊನ್ನೆ ಡಿಗ್ರಿಯಲ್ಲಿ ಸುಮಾರು 15 ಡಿಗ್ರಿ ಕೋನದ ತಡ, 25ರಲ್ಲಿ 7, ಕುದಿಯುವ ಹತ್ತಿರ ಬರೀ ಎರಡು ಮೂರು. ಹಾಗಾದರೆ ಬಿಸಿ ನೀರು ಇನ್ನಷ್ಟು ಬಿಸಿಯಾಗಲು ತುಂಬಾ ಹೊತ್ತು ಬೇಕಲ್ಲ ಅನ್ನಿಸುತ್ತದೆ. ಲೋಟ ಒಂದೇ ಇದ್ದರೆ ಅಷ್ಟೇನೂ ಬೇಕಾಗುವುದಿಲ್ಲ. ಪೆಟ್ಟಿಗೆಯ ಗೋಡೆ ಲೋಹ, ಅಲೆ ಮತ್ತೆ ಮತ್ತೆ ಬಡಿದು ಬರುತ್ತದೆ, ನುಂಗುವವರು ಬೇರೆ ಇಲ್ಲದಿದ್ದಾಗ ಕ್ಷೇತ್ರ ತಾನೇ ಬಲವಾಗಿ, ಕೊನೆಗೆ ಶಕ್ತಿಯ ಬಹುಪಾಲು ಆ ಲೋಟಕ್ಕೇ ಹೋಗುತ್ತದೆ. ಸೂತ್ರದಲ್ಲಿ ε″ ಇಳಿದದ್ದನ್ನು E ಏರಿ ತುಂಬಿಕೊಟ್ಟ ಹಾಗೆ. ಆದ್ದರಿಂದ ಡೈಎಲೆಕ್ಟ್ರಿಕ್ ಲಾಸ್ ತೀರ್ಮಾನ ಮಾಡುವುದು ಒಟ್ಟು ಎಷ್ಟು ಬಿಸಿ ಅನ್ನೋದನ್ನಲ್ಲ, ಹೆಚ್ಚಾಗಿ ಯಾರಿಗೆ ಎಷ್ಟು ಪಾಲು, ಎಷ್ಟು ಆಳಕ್ಕೆ ಅನ್ನೋದನ್ನು. ಪೈಪೋಟಿ ಇದ್ದಾಗಲೇ ಅದರ ಆಟ.

ಶುದ್ಧ ನೀರಿನಲ್ಲಿ ಈ ಪಾಲು ತಾನಾಗಿ ಸಮವಾಗುತ್ತದೆ, ಬಿಸಿಯಾದ ಜಾಗ ಕಡಿಮೆ ನುಂಗಿ ತಣ್ಣಗಿನ ಜಾಗಕ್ಕೆ ಬಿಟ್ಟುಕೊಡುತ್ತದೆ. ಉಪ್ಪು ಹಾಕಿದರೆ ಕಥೆ ಉಲ್ಟಾ. ಉಪ್ಪಿನ ಅಯಾನುಗಳು ಕ್ಷೇತ್ರದ ಜೊತೆ ಆಚೀಚೆ ಎಳೆದಾಡಿ ತಮ್ಮದೇ ಬಿಸಿ ಸೇರಿಸುತ್ತವೆ, ಮತ್ತು ಈ ಭಾಗ ತಾಪದ ಜೊತೆ ಏರುತ್ತದೆ. ಹಾಗಾಗಿ ಚೆನ್ನಾಗಿ ಉಪ್ಪಿರುವ ಪದಾರ್ಥದಲ್ಲಿ ಅಲೆ ಆಳಕ್ಕೆ ಹೋಗುವುದಿಲ್ಲ, ಬಿಸಿಯಾದ ಅಂಚು ಇನ್ನಷ್ಟು ಬಿಸಿಯಾಗುತ್ತದೆ. ನಿಮ್ಮ ಗಡ್ಡೆಯ ಅಂಚು ಕುದಿಯುವುದಕ್ಕೆ ಇದರದ್ದೂ ಕೈ ಇದೆ.

ಏನು ಮಾಡಬೇಕು ಅಂದರೆ, ಅಲೆಗೆ ಬಿಡುವು ಕೊಡಬೇಕು. ಡೀಫ್ರಾಸ್ಟ್ ಗುಂಡಿ ಮಾಡುವುದು ಅದನ್ನೇ: ಸಾಮಾನ್ಯ ಓವನ್ನುಗಳಲ್ಲಿ ಮ್ಯಾಗ್ನೆಟ್ರಾನ್ ಕೆಲವು ಸೆಕೆಂಡ್ ಪೂರ್ತಿ ಬಲದಲ್ಲಿ ಓಡಿ, ಆಮೇಲೆ ಅದಕ್ಕಿಂತ ಜಾಸ್ತಿ ಹೊತ್ತು ಸುಮ್ನೆ ಇರುತ್ತದೆ. ಕಿವಿಗೊಟ್ಟರೆ ಗುಂಯ್ ಸದ್ದು ಬದಲಾಗುವುದು ಕೇಳುತ್ತದೆ. ಆ ಬಿಡುವಿನಲ್ಲಿ ಕರಗಿದ ಚೂರಿನ ಬಿಸಿ ಪಕ್ಕದ ಐಸಿಗೆ ಹರಿಯುತ್ತದೆ. ಅದರ ಮೇಲೆ ನೀವು ಮಾಡಬಹುದಾದದ್ದು, ನಡುನಡುವೆ ನಿಲ್ಲಿಸಿ ಕರಗಿದ ದ್ರವವನ್ನು ಬೇರೆ ಪಾತ್ರೆಗೆ ಬಗ್ಗಿಸಿ ತೆಗೆಯುವುದು. ಹೊಟ್ಟೆಬಾಕನನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಗಡ್ಡೆಯನ್ನು ಚಪ್ಪಟೆಯಾಗಿ, ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಫ್ರೀಜ್ ಮಾಡಿದ್ದರೆ ಅರ್ಧ ತೊಂದರೆ ಮೊದಲೇ ತಪ್ಪುತ್ತದೆ. ಅಂಚಿನಲ್ಲಿ ಹಬೆ ಅಥವಾ ಚುರ್ ಸದ್ದು ಬಂದರೆ ಪಾಲು ಆಗಲೇ ಕೈಮೀರಿದೆ ಅಂತ ಅರ್ಥ, ನಿಲ್ಲಿಸಿ ಐದು ನಿಮಿಷ ಹಾಗೇ ಬಿಡಿ.

ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಇನ್ನೂ ಜಾಣತನದಿಂದ ಮಾಡುತ್ತಾರೆ. ಅವರು 915 ಮೆಗಾಹರ್ಟ್ಸ್ ಬಳಸಿ ಮಾಂಸದ ಗಡ್ಡೆಗಳನ್ನು ಪೂರ್ತಿ ಕರಗಿಸುವುದೇ ಇಲ್ಲ, ಮೈನಸ್ 4 ಡಿಗ್ರಿ ಆಸುಪಾಸಿಗೆ ತಂದು ಕೈಬಿಡುತ್ತಾರೆ. ಅಲ್ಲಿ ಕತ್ತಿ ಹಾಯುವಷ್ಟು ಮೆತ್ತಗಾಗಿರುತ್ತದೆ, ಆದರೆ ಯಾವ ಮೂಲೆಯೂ ನೀರಾಗಿ ಓಡಿಹೋಗಿರುವುದಿಲ್ಲ. ಉಳಿದದ್ದನ್ನು ತಣ್ಣನೆಯ ಕೋಣೆಯಲ್ಲಿ ನಿಧಾನವಾಗಿ ಕರಗಲು ಬಿಡುತ್ತಾರೆ.